ಎಡೆಯಿಟ್ಟ ಪಾತ್ರೆ, ಊಟದ ಪಾತ್ರೆ

ಕುಂಬಳೆಯಿಂದ ಬದಿಯಡ್ಕ, ಪೆರ್ಲದ ಕಡೆಗೆ ಹೋಗುವ ದಾರಿಯ ಊರುಗಳಲ್ಲಿ ನಾಗ, ದೈವಗಳಿಗೆ ಒಂದು ಮನೆಯವರು ನಡೆಸುವ ಪೂಜೆಯಾದ ತಂಬಿಲಕ್ಕೆ ಯಾರೆಲ್ಲ ಬರುತ್ತಾರೆಂದು ಲೆಕ್ಕ ಹಾಕಿ ನೋಡಿ. ಕುಟುಂಬದವರು, ನೆಂಟರು, ಪಕ್ಕದ ತೋಟದ ಹವ್ಯಕ ಭಟ್ಟರ ಮನೆಯವರು, ಎದುರಿನ ಮನೆಯ ಬ್ಯಾರಿ ಕುಟುಂಬ, ಅಡಿಕೆ ಕೊಳ್ಳಲು ಬರುವ ಹಾಜಿಯವರು, ಜೊತೆಗೆ ಕೆಲಸ ಮಾಡುವ ನಾಲ್ಕೈದು ಮಂದಿ. ಕರೆಯುವುದು ಇಲ್ಲಿ ಹೊಸತಲ್ಲ. ಮಂಜೇಶ್ವರದ ಉದ್ಯಾವರದಲ್ಲಿ ಮಾಡ ಎಂಬ ದೈವಸ್ಥಾನದ ಅರಸು ದೈವಗಳ ಉತ್ಸವಕ್ಕೆ ಮೊದಲು ದೈವಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುವ ಪದ್ಧತಿ ಹಿಂದಿನಿಂದಲೇ ನಡೆದು ಬಂದಿದೆ. ಕರೆಯುವುದು ಎಲ್ಲರಿಗೂ ಗೊತ್ತು, ಬಂದವರು ಮನಸ್ಸಿಗೆ ಅಳುಕಿಲ್ಲದೆ ಕೂತು ಉಣ್ಣುವಂತೆ ಅಡುಗೆ ಏರ್ಪಾಡು ಮಾಡುವುದು ಎಲ್ಲರಿಗೂ ಗೊತ್ತಿಲ್ಲ. ತೊಡಕು ಬರುವುದು ಅಲ್ಲಿ.

ಬೆಳಗ್ಗೆ ನಾಗಬನದಲ್ಲಿ ನಾಗತಂಬಿಲ, ಮಧ್ಯಾಹ್ನ ಊಟ, ಸಂಜೆ ದೈವಕ್ಕೆ ತಂಬಿಲ ಮತ್ತು ಕೋಳಿ ಬೇಯಿಸಿ ಎಡೆಯಿಡುವ ಅಗೆಲು, ರಾತ್ರಿ ಮತ್ತೆ ಊಟ. ಹೀಗೆ ಒಂದೇ ದಿನ ಎರಡು ಊಟ ಇರುವ ಕಾರ್ಯಕ್ರಮವನ್ನೇ ಇಲ್ಲಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಎಡವುವ ಜಾಗಗಳೆಲ್ಲ ಇದರೊಳಗೇ ಇವೆ. ಮಧ್ಯಾಹ್ನಕ್ಕೆ 120 ಮಂದಿ, ಅವರಲ್ಲಿ 30 ಮಂದಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದವರು, 25 ಮಂದಿ ಮುಸ್ಲಿಮರು. ರಾತ್ರಿಗೆ 80 ಮಂದಿ, ಅವರಲ್ಲಿ 12 ಮಂದಿ ಸಸ್ಯಾಹಾರಿಗಳು, 15 ಮಂದಿ ಮುಸ್ಲಿಮರು ಎಂದಿಟ್ಟುಕೊಳ್ಳೋಣ.

ಮಧ್ಯಾಹ್ನದ ಊಟ ಹೇಗೂ ಸಸ್ಯಾಹಾರವೇ, ಅದನ್ನು ಎಲ್ಲರೂ ಉಣ್ಣಬಹುದಲ್ಲ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಮೊದಲ ತಪ್ಪು ಇದೇ. ಮಾಂಸ ಇಲ್ಲದ ಮಾತ್ರಕ್ಕೆ ಅಡುಗೆ ಮುಸಲ್ಮಾನ ಅತಿಥಿಗೆ ಸಲ್ಲುತ್ತದೆ ಎನ್ನಲಾಗುವುದಿಲ್ಲ. ಅಲ್ಲಾಹನಲ್ಲದೆ ಬೇರೆಯವರಿಗೆ ಅರ್ಪಿಸಿದ್ದನ್ನು ಕುರ್‌ಆನ್ ನಿಷೇಧಿಸುತ್ತದೆ. ಎರಡನೆಯ ಅಧ್ಯಾಯದ 173ನೇ ವಚನ, ಐದನೆಯದರ 3ನೇ ವಚನ ಹೇಳುವುದು ಮುಖ್ಯವಾಗಿ ಕೊಯ್ದ ಪ್ರಾಣಿಯ ವಿಷಯ. ಆದರೆ ದೇವರಿಗಿಟ್ಟ ಅನ್ನ, ಪಂಚಕಜ್ಜಾಯ, ಹಣ್ಣುಗಳನ್ನೂ ಅದೇ ಅಳುಕಿನಿಂದ ಬಿಡುವವರೇ ಹೆಚ್ಚು. ನಮ್ಮ ಅಡುಗೆಮನೆಯ ಪದ್ಧತಿ ಇದಕ್ಕೆ ಸರಿಯಾಗಿ ಅಡ್ಡ ಬರುತ್ತದೆ. ಪೂಜೆಗೆಂದು ಕೊಪ್ಪರಿಗೆಯಿಂದ ಒಂದಿಷ್ಟು ಅನ್ನ, ಒಂದಿಷ್ಟು ಪಾಯಸ ತೆಗೆದು ನೈವೇದ್ಯಕ್ಕಿಡುತ್ತೇವೆ. ಪೂಜೆ ಮುಗಿದ ಮೇಲೆ ಅದನ್ನು ತಂದು ಮತ್ತೆ ಕೊಪ್ಪರಿಗೆಗೆ ಬೆರೆಸುತ್ತೇವೆ. ಎಲ್ಲರಿಗೂ ಪ್ರಸಾದ ಸಿಗಲಿ ಎಂಬುದು ನಮ್ಮ ಭಾವ. ಆದರೆ ಆ ಒಂದು ಸೌಟು ಬೆರೆತ ಗಳಿಗೆಯಿಂದ 12 ಕಿಲೋ ಅಕ್ಕಿಯ ಅನ್ನವೂ ಅರ್ಪಿಸಿದ ಅನ್ನವೇ. ಆಮೇಲೆ ಹಾಜಿಯವರು ಎಲೆಯ ಮುಂದೆ ಕೂತು ಹಪ್ಪಳ ಮಾತ್ರ ಮುರಿಯುತ್ತಿದ್ದರೆ ಅವರಿಗೆ ಹಸಿವಿಲ್ಲ ಎಂದು ತಿಳಿಯಬಾರದು.

ಪರಿಹಾರ ಸುಲಭ, ಆದರೆ ಅದನ್ನು ಒಲೆ ಹೊತ್ತಿಸುವ ಮೊದಲೇ ನಿಶ್ಚಯಿಸಬೇಕು. ನೈವೇದ್ಯವನ್ನು ಬೇರೆಯೇ ಚಿಕ್ಕ ಪಾತ್ರೆಯಲ್ಲಿ ಬೇಯಿಸಿ. ಅರ್ಧ ಕಿಲೋ ಬೆಳ್ತಿಗೆ ಅಕ್ಕಿಯ ಅನ್ನ, ಒಂದು ತಪ್ಪಲೆ ಪಾಯಸ, ಇಷ್ಟು ಸಾಕು. ಪೂಜೆಯಾದ ಮೇಲೆ ಆ ಪಾತ್ರೆ ಅಡುಗೆಮನೆಗೆ ಮರಳಿ ಬರಬಾರದು. ಹಿರಿಯರು ಒಬ್ಬರು ಅದನ್ನು ಹಿಡಿದುಕೊಂಡು ಸಾಲಿನಲ್ಲಿ ಹೋಗಿ, ಬೇಕೆಂದವರ ಎಲೆಯ ತುದಿಗೆ ಒಂದೊಂದು ಚಮಚ ಹಾಕಲಿ. ಪ್ರಸಾದ ಬಯಸುವವರಿಗೆ ಅದು ನೇರವಾಗಿ ಸಿಗುತ್ತದೆ, ಬೇಡದವರ ಅನ್ನಕ್ಕೆ ಅದು ತಾಗುವುದಿಲ್ಲ. "ದೇವರಿಗಿಡದ ಅನ್ನ ಬಡಿಸುವುದು ಹೇಗೆ?" ಎಂದು ಮನೆಯ ಹಿರಿಯರು ಕೇಳಿದರೆ ಈ ಕ್ರಮವನ್ನು ಅವರಿಗೆ ವಿವರಿಸಿ ಹೇಳಿ. ಪ್ರಸಾದವಿಲ್ಲದ ಎಲೆ ಮನೆಯವರದೊಂದೂ ಇರುವುದಿಲ್ಲ ಎಂದು ತಿಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ, ನೈವೇದ್ಯಕ್ಕೆ ತೆಗೆಯುವ ಮೊದಲೇ 25 ಮಂದಿಯ ಊಟವನ್ನು ಬೇರೆ ಪಾತ್ರೆಗಳಿಗೆ ತೆಗೆದು ಮುಚ್ಚಿಡುವ ದಾರಿಯೂ ಇದೆ.

ನಾಗತಂಬಿಲದಲ್ಲಿ ಇದೇ ಗೊಂದಲ ಬೊಂಡದ ವಿಷಯದಲ್ಲೂ ಆಗುತ್ತದೆ. ಅಭಿಷೇಕಕ್ಕೆ ತಂದ ಎಳನೀರಿನ ರಾಶಿ ಬನದ ಹತ್ತಿರ ಇರುತ್ತದೆ. ಬಂದವರಿಗೆ ಕುಡಿಯಲು ಕೊಡುವುದೂ ಅದೇ ರಾಶಿಯಿಂದ. ಯಾವುದು ಇಟ್ಟದ್ದು, ಯಾವುದು ಇಡದ್ದು ಎಂದು ಒಂದು ಗಂಟೆ ಕಳೆದರೆ ಕೊಯ್ದು ತಂದವನಿಗೂ ಗೊತ್ತಿರುವುದಿಲ್ಲ. ಕುಡಿಯಲು ಕೊಡುವ ಬೊಂಡವನ್ನು ಮೊದಲೇ ಅಂಗಳದ ಇನ್ನೊಂದು ಬದಿಯಲ್ಲಿ, ಚಪ್ಪರದ ಹತ್ತಿರ ಇಳಿಸಿ. ಊಟಕ್ಕೆ ಕೂರಲು ಮನಸ್ಸಿಲ್ಲದವರಿಗೂ ಬೊಂಡ ಮತ್ತು ಸುಲಿಯದ ಬಾಳೆಹಣ್ಣು ಒಳ್ಳೆಯ ಉಪಚಾರ. ಪಾತ್ರೆ, ಸೌಟು ಯಾವುದರ ಪ್ರಶ್ನೆಯೂ ಅಲ್ಲಿ ಬರುವುದಿಲ್ಲ.

ಇನ್ನು ಹವ್ಯಕರ ಕಡೆಯ ನಿಯಮ. ಇಲ್ಲಿ ಅಡುಗೆಯಲ್ಲಿ ಏನಿದೆ ಎಂಬುದರಷ್ಟೇ ಅದು ಯಾವುದರಲ್ಲಿ ಬೆಂದಿತು, ಯಾವುದರಲ್ಲಿ ರುಬ್ಬಿತು ಎಂಬುದೂ ಮುಖ್ಯ. ಮಧ್ಯಾಹ್ನದ ಅಡುಗೆಯನ್ನು ಪೂರ್ತಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಬಿಡುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂವತ್ತು ಜನರಿಗೆ ಬೇರೆ, ತೊಂಬತ್ತು ಜನರಿಗೆ ಬೇರೆ ಎಂದು ಎರಡು ಸಾಂಬಾರು ಮಾಡಿದರೆ ಬಡಿಸುವಾಗ ಅದಲು ಬದಲಾಗುವುದು ಖಂಡಿತ. ನಮ್ಮ ಕರಾವಳಿಯ ಹಬ್ಬದಡುಗೆಗೆ ಈರುಳ್ಳಿ ಬೇಕೇ ಬೇಕೆಂದೇನೂ ಇಲ್ಲ. ಕುಚ್ಚಲಕ್ಕಿ ಅನ್ನ, ತೊಗರಿಬೇಳೆಯ ಸಾರು, ಕುಂಬಳಕಾಯಿ ಸಾಂಬಾರು, ಸೌತೆಕಾಯಿ ಮೇಲೋಗರ, ಅಲಸಂಡೆ ಪಲ್ಯ, ಹೆಸರುಬೇಳೆ ಕೋಸಂಬರಿ, ಕಡಲೆಬೇಳೆ ಪಾಯಸ, ಮಜ್ಜಿಗೆ. ಒಗ್ಗರಣೆಗೆ ಇಂಗು, ಕರಿಬೇವು. 120 ಮಂದಿಗೆ 12 ಕಿಲೋ ಅಕ್ಕಿ ಸಾಕಾಗುತ್ತದೆ, ತಲೆಗೆ ನೂರು ಗ್ರಾಮಿನ ಲೆಕ್ಕ.

ಬೆಳ್ಳುಳ್ಳಿ ಒಳಗೆ ನುಸುಳುವುದು ಅಂಗಡಿಯಿಂದ ಬಂದ ಸಾಮಾನಿನ ಜೊತೆ. ಅಡುಗೆ ಭಟ್ಟರು ಎಷ್ಟೇ ಎಚ್ಚರವಾಗಿದ್ದರೂ ಕೊನೆಗೆ ಎಲೆಯ ತುದಿಗೆ ಬೀಳುವ ಉಪ್ಪಿನಕಾಯಿ ಪೇಟೆಯದ್ದಾದರೆ ಅದರಲ್ಲಿ ಬೆಳ್ಳುಳ್ಳಿ ಇರುವ ಸಂಭವವಿದೆ. ಸಿದ್ಧ ಸಾಂಬಾರು ಪುಡಿ, ಹಪ್ಪಳ, ಮಿಕ್ಸ್ಚರ್ ಕೂಡ ಹಾಗೆಯೇ. ಹಸಿರು ಚುಕ್ಕೆ ನೋಡಿ ತಂದೆವು ಎಂದು ಹೇಳಿದರೆ ಸಾಲದು. ಮಾಂಸ, ಮೀನು, ಮೊಟ್ಟೆ, ಪ್ರಾಣಿಯ ಎಲುಬು ತೊಗಲಿನಿಂದ ತೆಗೆಯುವ ಜೆಲಟಿನ್, ಇವು ಇಲ್ಲ ಎಂದಷ್ಟೇ ಹಸಿರು ಚುಕ್ಕೆ ಹೇಳುತ್ತದೆ. ಬೆಳ್ಳುಳ್ಳಿ ಇಲ್ಲ ಎಂದು ಹೇಳುವುದಿಲ್ಲ. ಮದ್ಯಸಾರ ಇಲ್ಲ ಎಂದೂ ಹೇಳುವುದಿಲ್ಲ. ಸಿಹಿಗೆ ಹಾಕುವ ವೆನಿಲ್ಲಾ ಎಸೆನ್ಸ್ ಹಲವು ಸಲ ಮದ್ಯಸಾರದಲ್ಲಿ ಕರಗಿಸಿದ್ದಾಗಿರುತ್ತದೆ. ಹಸಿರು ಚುಕ್ಕೆ ಇದ್ದರೂ ಮುಸ್ಲಿಂ ಅತಿಥಿಗೆ ಅದು ಪ್ರಶ್ನೆಯೇ. ಪಾಯಸಕ್ಕೆ ಏಲಕ್ಕಿ ಹಾಕಿದರೆ ಆ ಮಾತೇ ಇಲ್ಲ. ಪುಡ್ಡಿಂಗ್ ಮಾಡುವ ಆಸೆ ಇದ್ದರೆ ಚೈನಾ ಗ್ರಾಸ್ ಬಳಸಿ, ಅದು ಕಡಲ ಪಾಚಿಯಿಂದ ಬಂದದ್ದು, ಎಲ್ಲರಿಗೂ ಸಲ್ಲುತ್ತದೆ.

ಹಾಗೆಯೇ ನಮ್ಮ ಕರಾವಳಿಗೆ ವಿಶೇಷವಾದ ಇನ್ನೊಂದಿದೆ, ಕಳ್ಳು. ಬೆಳಗ್ಗಿನ ಉಪಾಹಾರಕ್ಕೋ ರಾತ್ರಿಗೋ ಅಪ್ಪ, ಸನ್ನ ಮಾಡಿಸುವುದಾದರೆ ಹಿಟ್ಟು ಉಬ್ಬಲು ಏನು ಹಾಕುತ್ತಾರೆ ಎಂದು ಕೇಳಿ. ಕಳ್ಳು ಹಾಕಿದ ಹಿಟ್ಟು ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ, ಬಾಯಿಗೆ ಮೆತ್ತಗಿರುತ್ತದೆ, ಅಷ್ಟೇ. ಈಸ್ಟ್ ಹಾಕಿಸಿ, ಇಲ್ಲವೇ ನೀರುದೋಸೆ ಮಾಡಿಸಿ. ನೀರುದೋಸೆ ಹಿಟ್ಟಿಗೆ ಹುಳಿ ಬರಬೇಕೆಂದೇ ಇಲ್ಲ.

ಈಗ ಪಾತ್ರೆಯ ವಿಷಯ. 120 ಜನರ ಅಡುಗೆಗೆ ಕೊಪ್ಪರಿಗೆ, ಬಾಣಲೆ, ಸೌಟುಗಳು ಬಾಡಿಗೆಗೆ ಬರುತ್ತವೆ. ಹಿಂದಿನ ವಾರ ಅವು ಯಾವ ಸಮಾರಂಭಕ್ಕೆ ಹೋಗಿದ್ದವು ಎಂದು ಯಾರೂ ಕೇಳುವುದಿಲ್ಲ. ಮಾಂಸ ಬೆಂದ ಪಾತ್ರೆ ಎಂದು ಗೊತ್ತಾದರೆ ಹವ್ಯಕರಿಗೆ ಕಷ್ಟ. ಹಂದಿಮಾಂಸ ಬೆಂದಿದ್ದರೆ ಮುಸ್ಲಿಮರಿಗೆ ಬರೇ ಕಷ್ಟವಲ್ಲ, ಅದು ಅವರ ಶುದ್ಧಿಯ ನಿಯಮಕ್ಕೇ ಸೇರಿದ ವಿಷಯ. ಇಲ್ಲಿನ ಬ್ಯಾರಿ, ಮಾಪಿಳ್ಳೆಯವರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಪಂಥದ ಪ್ರಕಾರ ಹಂದಿ ತಾಗಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಶುದ್ಧ ಮಣ್ಣು ಕಲಸಿದ ನೀರಿನಿಂದ. ಸೋಪು ಹಾಕಿ ಉಜ್ಜಿದೆವು ಎಂದರೆ ಅದಕ್ಕೆ ಸಮವಾಗುವುದಿಲ್ಲ. ಆದ್ದರಿಂದ ಬಾಡಿಗೆ ಅಂಗಡಿಯಲ್ಲಿ ಸಸ್ಯಾಹಾರಕ್ಕೆಂದೇ ಬೇರೆ ಇಟ್ಟ ಪಾತ್ರೆಗಳಿವೆಯೇ ಎಂದು ಕೇಳಿ ತರುವುದು ಒಳ್ಳೆಯದು, ಅದರಿಂದ ಎರಡೂ ಕಡೆಯ ಪ್ರಶ್ನೆ ತೀರುತ್ತದೆ. ಅಂಥದ್ದು ಸಿಗದಿದ್ದರೆ ಊರಿನ ಭಜನಾ ಮಂದಿರದಲ್ಲೋ ದೇವಸ್ಥಾನದಲ್ಲೋ ಪಾತ್ರೆ ಕೊಡುತ್ತಾರೆಯೇ ಕೇಳಿ ನೋಡಬಹುದು. ಸ್ಟೀಲು, ಹಿತ್ತಾಳೆ ಪಾತ್ರೆಗಳನ್ನು ಚೆನ್ನಾಗಿ ತೊಳೆದು ಬಳಸಿದರೆ ಒಪ್ಪುವವರಿದ್ದಾರೆ. ಮರದ ಸೌಟು, ಮಣ್ಣಿನ ಮಡಕೆ ಮಾತ್ರ ಎಣ್ಣೆ ವಾಸನೆಯನ್ನು ಹೀರಿಕೊಳ್ಳುತ್ತವೆ, ಅವನ್ನು ಮಧ್ಯಾಹ್ನಕ್ಕೂ ರಾತ್ರಿಗೂ ಹಂಚಿಕೊಳ್ಳಬಾರದು. ಗ್ರೈಂಡರಿನದೂ ಅದೇ ಕಥೆ. ರಾತ್ರಿಯ ಸುಕ್ಕಕ್ಕೆ ಬೆಳ್ಳುಳ್ಳಿ ಮಸಾಲೆಯನ್ನು ಬೆಳಗ್ಗೆಯೇ ರುಬ್ಬಿಟ್ಟರೆ ಕೆಲಸ ಹಗುರವಾಗುತ್ತದೆ ಎಂದು ಅಡುಗೆಯವರು ಹೇಳುತ್ತಾರೆ. ಆಮೇಲೆ ಅದೇ ಕಲ್ಲಿನಲ್ಲಿ ಮೇಲೋಗರಕ್ಕೆ ತೆಂಗಿನಕಾಯಿ ಬೀಳುತ್ತದೆ. ಮಧ್ಯಾಹ್ನದ ರುಬ್ಬುವಿಕೆ ಪೂರ್ತಿ ಮುಗಿಯದೆ ರಾತ್ರಿಯ ಮಸಾಲೆ ಗ್ರೈಂಡರಿಗೆ ಹೋಗಬಾರದು.

ಈ ವಿಷಯದಲ್ಲಿ ನಾಗತಂಬಿಲದ ಶುದ್ಧವೇ ನಮಗೆ ಸಹಾಯಕ್ಕೆ ಬರುತ್ತದೆ. ನಾಗನ ಕಾರ್ಯ ಮುಗಿಯುವವರೆಗೆ ಮನೆಯಲ್ಲಿ ಮೀನು ಮಾಂಸ ಬೇಯಿಸುವುದಿಲ್ಲ. ಆ ಗೆರೆಯನ್ನು ಮಧ್ಯಾಹ್ನದ ಕೊನೆಯ ಸಾಲು ಎದ್ದು, ಪಾತ್ರೆಗಳು ತೊಳೆದು ಒಳಗೆ ಹೋಗುವವರೆಗೂ ಎಳೆದರೆ ಅರ್ಧ ಕೆಲಸ ಮುಗಿಯಿತು. ಕೋಳಿ ಮನೆಯಂಗಳಕ್ಕೆ ಬರುವುದು ಮೂರೂವರೆಯ ಮೇಲೆ.

ರಾತ್ರಿಯ ಊಟಕ್ಕೆ ಬರೋಣ. ಹಲಾಲ್ ಕೋಳಿ ತಂದರೆ ಆಯಿತು ಎಂದುಕೊಳ್ಳುವುದು ಎರಡನೆಯ ತಪ್ಪು. ಅಗೆಲಿಗೆ ಕೊಯ್ದ ಕೋಳಿ ದೈವದ ಹೆಸರಿನಲ್ಲಿ ಕೊಯ್ದದ್ದು. ಆ ಕೊಯ್ಲನ್ನು ಯಾರೇ ಮಾಡಿದರೂ, ಎಷ್ಟೇ ಸರಿಯಾಗಿ ಮಾಡಿದರೂ, ಅದು ಮುಸ್ಲಿಂ ಅತಿಥಿಗೆ ಸಲ್ಲುವುದಿಲ್ಲ. ಹಾಗೆಯೇ ಅಂಗಡಿಯಲ್ಲಿ ಹಲಾಲ್ ಆಗಿ ಕೊಯ್ದ ಕೋಳಿಯ ಸಾರಿಗೆ ಅಗೆಲಿನ ಎಲೆಯಿಂದ ಎರಡು ತುಂಡು ತಂದು ಬೆರೆಸಿದರೆ ಆ ಸಾರೂ ಅವರಿಗಿಲ್ಲ. ತುಂಡನ್ನು ಹೆಕ್ಕಿ ತೆಗೆದರೆ ಸರಿಹೋಗುವುದಿಲ್ಲ, ರಸ ಸೇರಿದೆಯಲ್ಲ.

ಹಾಗಾಗಿ ಎರಡು ಒಲೆ, ಎರಡು ಪಾತ್ರೆ. ಅಗೆಲಿಗೆ ಎರಡು ಊರ ಕೋಳಿ. ಅವನ್ನು ಕುಟುಂಬದ ಕ್ರಮದಂತೆ ದೈವಸ್ಥಾನದ ಹತ್ತಿರವೇ ಕೊಯ್ದು, ಅಲ್ಲಿಯೇ ಬದಿಯಲ್ಲಿ ಒಲೆ ಹೂಡಿ ಬೇಯಿಸುವುದು. ಆ ಕತ್ತಿ, ಆ ಮಣೆ, ಆ ಸೌಟು ಎಲ್ಲವೂ ಅಲ್ಲಿಗೇ ಮೀಸಲು. ಅಗೆಲು ಬಡಿಸಿ, ಪ್ರಾರ್ಥನೆಯಾದ ಮೇಲೆ ಆ ಪಾತ್ರೆಯಿಂದ ಕುಟುಂಬದವರ ಎಲೆಗೆ ಒಂದೊಂದು ತುಂಡು ನೇರವಾಗಿ ಹೋಗಲಿ. ಮಧ್ಯಾಹ್ನದ ಪ್ರಸಾದಕ್ಕೆ ಮಾಡಿದ ಕ್ರಮವೇ ಇಲ್ಲೂ.

ಊಟದ ಕೋಳಿ ಪೇಟೆಯ ಅಂಗಡಿಯಿಂದ. 80ರಲ್ಲಿ ಸಸ್ಯಾಹಾರಿಗಳನ್ನು ಕಳೆದರೆ 68 ಮಂದಿ. ಎಲುಬು ಸಹಿತ ತಲೆಗೆ 250 ಗ್ರಾಮಿನಂತೆ 17 ಕಿಲೋ ಮಾಂಸ ಬೇಕು. ಬ್ರಾಯ್ಲರ್ ಕೋಳಿಯ ತೊಗಲು ತೆಗೆದರೆ ಜೀವದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುವುದರಿಂದ 26 ಕಿಲೋ ಜೀವಂತ ಕೋಳಿ, ಅಂದರೆ ಎರಡೆರಡು ಕಿಲೋದ 13 ಕೋಳಿ ಹೇಳಿಡಬೇಕು. ಹಲಾಲ್ ಕೊಯ್ಲಿನಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ. ಕೊಯ್ಯುವವನು ಮುಸ್ಲಿಂ ಆಗಿರಬೇಕು, ಕತ್ತಿ ಹರಿತವಾಗಿರಬೇಕು, ಶ್ವಾಸನಾಳ ಮತ್ತು ಅನ್ನನಾಳ ಎರಡೂ ಪೂರ್ತಿ ಕಡಿದಿರಬೇಕು, ಅಲ್ಲಾಹನ ಹೆಸರು ಹೇಳಿ ಕೊಯ್ಯಬೇಕು. ಗಡಿಬಿಡಿಯಲ್ಲಿ ತಪ್ಪುವುದು ಮುಂದಿನ ಹಂತದಲ್ಲಿ. ಭಾನುವಾರದ ನೂಕುನುಗ್ಗಲಿನಲ್ಲಿ ಕೋಳಿ ಪೂರ್ತಿ ಸಾಯುವ ಮೊದಲೇ ಬಿಸಿನೀರಿಗೋ ಪುಕ್ಕ ತೆಗೆಯುವ ಯಂತ್ರಕ್ಕೋ ಹಾಕಿಬಿಡುತ್ತಾರೆ. ಮೈ ನಡುಗುವುದು ನಿಂತ ಮೇಲೆ ಹಾಕಿ ಎಂದು ಮೊದಲೇ ಹೇಳಿಡಿ, ಸಾಧ್ಯವಾದರೆ ಬೆಳಗ್ಗಿನ ರಶ್ಶು ಕಳೆದ ಮೇಲೆ ಮಧ್ಯಾಹ್ನ ಎರಡೂವರೆಗೆ ಕೊಯ್ಯಿಸಿ. ತರಲು ಎದುರುಮನೆಯ ಹುಡುಗನನ್ನೇ ಕಳಿಸುವುದು ಇನ್ನೂ ಒಳ್ಳೆಯದು. ರಾತ್ರಿ ಅವನ ಮನೆಯವರು ಉಣ್ಣುವಾಗ "ನಾನೇ ನಿಂತು ತಂದದ್ದು" ಎಂಬ ಅವನ ಮಾತಿಗೆ ನಮ್ಮ ಹತ್ತು ಮಾತಿನ ತೂಕ ಇರುತ್ತದೆ. ಬೇಯಿಸುವವರು ಹಿಂದೂಗಳಾದರೆ ಅದರಿಂದ ತೊಂದರೆಯಿಲ್ಲ.

ಈ ಸಾರು ಅಗೆಲು ಶುರುವಾಗುವ ಮೊದಲೇ ಬೆಂದು ಮುಚ್ಚಿರಲಿ. ಅಗೆಲಿನ ಹೊತ್ತಿಗೆ ಎಲ್ಲರ ಗಮನ ದೈವಸ್ಥಾನದ ಕಡೆಗಿರುತ್ತದೆ, ಅಲ್ಲಿ ತುಂಡು ಕಡಿಮೆಯಾಯಿತೆಂದು ಯಾರೋ ಊಟದ ಪಾತ್ರೆಗೆ ಸೌಟು ಹಾಕಿ ಒಯ್ಯುತ್ತಾರೆ, ಅದೇ ಸೌಟು ಮರಳಿ ಬರುತ್ತದೆ. ಸೌಟನ್ನು ಕಾಯುವುದೇ ನಿಜವಾದ ಕೆಲಸ. ಊಟದ ಕೋಳಿಯ ಬಕೆಟು, ಸೌಟುಗಳ ಹಿಡಿಗೆ ಕೆಂಪು ಬಟ್ಟೆಯ ಚೂರು, ಸಸ್ಯಾಹಾರದ್ದಕ್ಕೆ ಬಿಳಿ ಬಟ್ಟೆಯ ಚೂರು ಬಿಗಿದು ಕಟ್ಟಿ. ಅಗೆಲಿನ ಸೌಟಿಗೆ ಏನೂ ಕಟ್ಟುವುದು ಬೇಡ, ಅದು ಆ ಜಾಗ ಬಿಟ್ಟು ಬರಲೇಬಾರದು. ಪೇಪರಿನಲ್ಲಿ ಬರೆದು ಅಂಟಿಸಿದ್ದು ಹಬೆಗೆ ಕಿತ್ತುಬರುತ್ತದೆ, ಬಟ್ಟೆ ಒದ್ದೆಯಾದರೂ ಬಣ್ಣ ಕಾಣುತ್ತದೆ. ಬಡಿಸುವ ಹುಡುಗರಿಗೆ ಶಾಸ್ತ್ರ ವಿವರಿಸಲು ಹೋಗಬೇಡಿ. ಬಿಳಿ ಹಿಡಿದವನು ಕೆಂಪು ಮುಟ್ಟಬಾರದು ಎಂಬ ಒಂದೇ ಮಾತು ಅವರಿಗೆ ನೆನಪಿರುತ್ತದೆ.

ಎಣ್ಣೆಯೂ ಹಾಗೆ. ಕೋಳಿ ಕಬಾಬು ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದರೆ ಆ ಹಪ್ಪಳ ಸಸ್ಯಾಹಾರಿಗಳಿಗಿಲ್ಲ. ಹಪ್ಪಳವನ್ನೆಲ್ಲ ಮಧ್ಯಾಹ್ನವೇ ಕರಿದು, ತಣ್ಣಗಾದ ಮೇಲೆ ಡಬ್ಬಿಯಲ್ಲಿ ಗಾಳಿಯಾಡದಂತೆ ಇಟ್ಟರೆ ರಾತ್ರಿಗೂ ಗರಿಗರಿಯಾಗಿರುತ್ತದೆ. ರಾತ್ರಿಯ 12 ಮಂದಿ ಸಸ್ಯಾಹಾರಿಗಳಿಗೆ ಮಧ್ಯಾಹ್ನದ್ದನ್ನೇ ಬಿಸಿ ಮಾಡದೆ ಹೊಸದಾಗಿ ಒಂದೂಕಾಲು ಕಿಲೋ ಅಕ್ಕಿಯ ಅನ್ನ, ಒಂದು ಸಾರು, ಒಂದು ಪಲ್ಯ ಮನೆಯ ಒಳಗಿನ ಒಲೆಯಲ್ಲೇ ಮಾಡಿ. ಕೋಳಿ ಬೇಯುವುದು ಹೊರಗೆ ಅಂಗಳದಲ್ಲಿ.

ದೈವಕ್ಕೆ ಕಳ್ಳು, ಶರಾಬು ಇಡುವ ಕ್ರಮವಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮದ್ಯ ಓಡಾಡುವ ಪಂಕ್ತಿಯಲ್ಲಿ ಕೂರಬಾರದೆಂಬ ನಿಯಮ ಮುಸ್ಲಿಮರಲ್ಲಿದೆ. ಊಟದ ಚಪ್ಪರ ದೈವಸ್ಥಾನದಿಂದ ದೂರವಿರಲಿ, ಇಟ್ಟದ್ದನ್ನು ಹಂಚುವುದು ಅಲ್ಲಿಯೇ ಮುಗಿಯಲಿ.

ಕೇಳುವ ರೀತಿಯ ಬಗ್ಗೆ ಒಂದು ಮಾತು. "ನಿಮಗೆ ನಡೆಯುತ್ತದಾ?" ಎಂದಷ್ಟೇ ಕೇಳಿದರೆ ಯಾರೇ ಆದರೂ ಸಂಕೋಚಕ್ಕೆ ಹೂಂ ಎನ್ನುತ್ತಾರೆ. ಏನು ಮಾಡಿದ್ದೇವೆಂದು ಹೇಳಿ ಕೇಳಬೇಕು. "ಹಾಜಿಯವರೇ, ಮಧ್ಯಾಹ್ನದ ಊಟಕ್ಕೆ ನಾಗನಿಗಿಟ್ಟದ್ದನ್ನು ಬೆರೆಸಿಲ್ಲ, ಪಾತ್ರೆಯೂ ಸಸ್ಯಾಹಾರದ್ದೇ. ರಾತ್ರಿಯ ಕೋಳಿ ಪೇಟೆಯಲ್ಲಿ ಹಲಾಲ್ ಮಾಡಿಸಿದ್ದು, ಅಗೆಲಿನದ್ದು ಬೇರೆ. ನಿಮಗೆ ಯಾವ ಹೊತ್ತು ಅನುಕೂಲ ನೋಡಿ." ಭಟ್ಟರಿಗೂ ಹಾಗೆಯೇ. "ಭಟ್ರೇ, ಮಧ್ಯಾಹ್ನ ನೀರುಳ್ಳಿ ಬೆಳ್ಳುಳ್ಳಿ ಹಾಕಿಲ್ಲ, ಅಡುಗೆಗೆ ನಿಮ್ಮವರೇ ಬಂದಿದ್ದಾರೆ." ಇಷ್ಟು ಹೇಳಿದ ಮೇಲೂ ಕೆಲವರು ಬೊಂಡ ಕುಡಿದು ಎದ್ದರೆ ಒತ್ತಾಯಿಸಬಾರದು. ಅಗೆಲು ನಡೆಯುವ ಮನೆಯಲ್ಲಿ ರಾತ್ರಿ ಉಣ್ಣಲು ಮನಸ್ಸಾಗದವರು ಇರುತ್ತಾರೆ, ಅಂಥವರನ್ನು ಮಧ್ಯಾಹ್ನಕ್ಕೇ ಕರೆಯುವುದು ಸರಿ. ಶುಕ್ರವಾರ ಕಾರ್ಯಕ್ರಮವಿದ್ದರೆ ಜುಮಾ ಮುಗಿಸಿ ಬರುವವರಿಗಾಗಿ ಎರಡು ಗಂಟೆಯ ಸಾಲಿಗೆ ಜಾಗ ಇಟ್ಟಿರಬೇಕು.

ಇಷ್ಟೆಲ್ಲ ಮಾಡಿದರೂ ಸೌಟು ಒಮ್ಮೆ ತಪ್ಪಬಹುದು. ಅದಕ್ಕಾಗಿಯೇ ಮಧ್ಯಾಹ್ನ ಬಡಿಸಲು ಶುರು ಮಾಡುವ ಮೊದಲು, 12 ಕಿಲೋದಲ್ಲಿ 2 ಕಿಲೋ ಅಕ್ಕಿಯ ಅನ್ನ, ಅದಕ್ಕೆ ತಕ್ಕ ಸಾರು, ಪಲ್ಯವನ್ನು ಬೇರೆ ಪಾತ್ರೆಗಳಲ್ಲಿ ತೆಗೆದು ಒಳಗಿನ ಕೋಣೆಯಲ್ಲಿ ಮುಚ್ಚಿಡಬೇಕು. ಇಪ್ಪತ್ತು ಜನರ ಊಟ ಅದು. ಬೇಡದ್ದು ಬೆರೆಯಿತು ಎಂದು ತಿಳಿದ ಕೂಡಲೇ ಆ ಬಕೆಟನ್ನು ಬದಿಗಿಟ್ಟು, ಯಾರ ಎಲೆಗೆ ಬಿದ್ದಿದೆಯೋ ಅವರ ಹತ್ತಿರ ಹೋಗಿ ಮೆಲ್ಲಗೆ ಹೇಳಿ, ಹೊಸ ಎಲೆ ಹಾಕಿ ಒಳಗಿನಿಂದ ಬಡಿಸಿ. ಗೊತ್ತಾಗಲಿಕ್ಕಿಲ್ಲ ಎಂದು ಸುಮ್ಮನಿರುವುದು ಮಾತ್ರ ಬೇಡ. ತಿಂದವರಿಗೆ ಆಮೇಲೆ ಗೊತ್ತಾದರೆ ಮುಂದಿನ ವರ್ಷ ಅವರು ಬರುತ್ತಾರೆ, ಆದರೆ ಉಣ್ಣುವುದಿಲ್ಲ.

ಕೊನೆಗೆ ಉಳಿದದ್ದನ್ನು ಕಟ್ಟಿ ಕೊಡುವ ಹೊತ್ತು. ಆಗ ಎಲ್ಲರೂ ದಣಿದಿರುತ್ತಾರೆ, ಎಲ್ಲ ಪಾತ್ರೆಗಳೂ ಒಂದೇ ಕಡೆ ಬಂದು ಕೂತಿರುತ್ತವೆ. ಅಗೆಲಿನ ಪಾತ್ರೆಯಲ್ಲಿ ಉಳಿದ ನಾಲ್ಕು ತುಂಡನ್ನು ಊಟದ ಸಾರಿಗೆ ಸುರಿದು ಪಾತ್ರೆ ಖಾಲಿ ಮಾಡುವುದು ಈಗಲೇ. ಅದು ಎದುರುಮನೆಗೆ ಹೋಗುವ ತೂಕುಪಾತ್ರೆಗೆ ಬೀಳುವುದೂ ಈಗಲೇ. ಆದ್ದರಿಂದ ಅವರಿಗೆ ಕೊಡಬೇಕಾದ್ದನ್ನು ರಾತ್ರಿಯ ಮೊದಲ ಸಾಲು ಕೂರುವ ಮುಂಚೆ, ಕೆಂಪು ಬಟ್ಟೆಯ ಸೌಟಿನಿಂದ ತುಂಬಿಸಿ, ಮುಚ್ಚಳ ಬಿಗಿದು ಹುಡುಗನ ಕೈಗೆ ಕೊಟ್ಟುಬಿಡಿ. ಭಟ್ಟರ ಮನೆಯ ಪಾಯಸದ ತೂಕು ಮಧ್ಯಾಹ್ನವೇ ಹೋಗಲಿ.